ಖಾಲಿ ಓಎಂಆರ್ ಬಗ್ಗೆ ಕೇಳಿದವರಿಗೆ

“ಓಎಂಆರ್ ಖಾಲಿ ಬಿಟ್ಟು ಬಾ, ಆಮೇಲೆ ನಾವು ತುಂಬಿಸ್ತೀವಿ ಅಂತಾನೆ ಏಜೆಂಟ್. ಗೊತ್ತಾಗುತ್ತಾ?”

ಗೊತ್ತಾಗುತ್ತೆ ತಮ್ಮಾ. ದಾವಣಗೆರೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗಾಗಿ ನಡೆದ ಒಂದು ಭಾಷಣಕ್ಕೆ ನಾನೂ ಹೋಗಿದ್ದೆ. ಭಾಷಣ ಮಾಡಿದ ಸರ್ ಒಂದು ಓಎಂಆರ್ ಉತ್ತರ ಹಾಳೆ ಎತ್ತಿ ಹಿಡಿದು, ಅದರ ಕೆಳಗಿನ ಕಾರ್ಬನ್ ಪ್ರತಿಯನ್ನು ನಿಧಾನಕ್ಕೆ ಬಿಡಿಸಿ ತೋರಿಸಿದರು. ಮೇಲಿನದು ಇಲಾಖೆಗೆ, ಕೆಳಗಿನದು ನಮಗೆ. ಆಮೇಲೆ ಮೇಲಿನ ಹಾಳೆಯಲ್ಲಿ ಎಷ್ಟೇ ಗುಂಡು ತುಂಬಿದರೂ ನಮ್ಮ ಪ್ರತಿ ಹಾಗೇ ಉಳಿಯುತ್ತೆ.

2021ರ ಪಿಎಸ್‌ಐ ಪರೀಕ್ಷೆಯಲ್ಲಿ ಆಗಿದ್ದೂ ಇದೇ. ಎರಡನೇ ಪತ್ರಿಕೆಯಲ್ಲಿ ಪ್ರಶ್ನೆಗೆ ಒಂದೂವರೆ ಅಂಕ. ಒಬ್ಬ ಅಭ್ಯರ್ಥಿಯ ಕಾರ್ಬನ್ ಪ್ರತಿಯಲ್ಲಿ ಇದ್ದದ್ದು 21 ಉತ್ತರ. ಎಲ್ಲಾ ಸರಿಯಿದ್ದರೂ 31.5 ಅಂಕ, ಅಲ್ವಾ? ಬಂದಿದ್ದು 121! ಸಿಐಡಿ ತನಿಖೆ ನಡೆದು, ಕೊನೆಗೆ 545 ಹುದ್ದೆಗಳ ಪರೀಕ್ಷೆಯೇ ರದ್ದಾಯಿತು. ನಿಯತ್ತಾಗಿ ಓದಿದವರೂ ಮರುಪರೀಕ್ಷೆಗೆ 2024ರ ಜನವರಿವರೆಗೆ ಕಾದರು. ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಇನ್ನೊಂದು ವಿಷಯ. ಎಷ್ಟೋ ಏಜೆಂಟರು ಏನನ್ನೂ ತುಂಬಿಸೋದಿಲ್ಲ. ಹತ್ತು ಜನರ ಹತ್ತಿರ ಹಣ ತಗೊಂಡು ಸುಮ್ನೆ ಕೂರುತ್ತಾರೆ. ಸ್ವಂತ ಓದಿನಿಂದ ಪಾಸಾದವನ ಹಣ ಇಟ್ಟುಕೊಂಡು ಉಳಿದವರಿಗೆ ವಾಪಸ್ ಕೊಡ್ತೀವಿ ಅಂತ ಓಡಾಡಿಸುತ್ತಾರೆ. ಮೂಲ ಅಂಕಪಟ್ಟಿ, ಸಹಿ ಮಾಡಿದ ಖಾಲಿ ಚೆಕ್ ಕೇಳಿದ್ದರೆ ದಯವಿಟ್ಟು ಕೊಡಬೇಡ. ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಆ ಚೆಕ್ಕಿಗೆ ತಡೆ ಹಾಕಿಸು.