ಬಳ್ಳಾರಿಯ ಮನೆಗೆ ಹೆಬ್ಬಾಳದಿಂದ ಫೋನು

ಬಳ್ಳಾರಿಯಲ್ಲಿ ಮನೆ ಬಾಡಿಗೆಗೆ ಕೊಡಬೇಕೆಂದರೆ ಈಗ ಮನೆಯೊಂದಿದ್ದರೆ ಸಾಲದು. ಮನೆ ಜಾಹೀರಾತು ಹಾಕುವ ಪೋರ್ಟಲ್‌ನ ಪ್ಯಾಕೇಜ್ ಬೇಕು. ಅದರಲ್ಲೂ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೇಲುಕೀಳು. ಮನೆ ಇರುವುದು ಓಣಿಯ ಕೊನೆಯಲ್ಲಿ, ಮಹಡಿ ಮೇಲೆ, ಮೆಟ್ಟಿಲು ಹೊರಗಡೆಯಿಂದ. ಪ್ಲಾಟಿನಂ ಕಟ್ಟಿದ ತಕ್ಷಣ ಅದು ‘ಪ್ರೀಮಿಯಂ ಇಂಡಿಪೆಂಡೆಂಟ್ ಫ್ಲೋರ್’ ಆಗುತ್ತದೆ. ಮೆಟ್ಟಿಲು ಮಾತ್ರ ಹೊರಗೇ ಇರುತ್ತದೆ.

ಗಾಂಧಿನಗರದ ನಮ್ಮ ಓಣಿಯ ರಿಟೈರ್ಡ್ ಮಾಸ್ತರ ಮೇಲಿನ ಮನೆ ಖಾಲಿ ಆಯಿತು. ಎರಡು ಬೆಡ್‌ರೂಮು, ಬಾಡಿಗೆ 12,000 ರೂಪಾಯಿ. ಗೇಟಿಗೆ ಬೋರ್ಡು ಕಟ್ಟಲು ಮಾಸ್ತರು ತಂತಿ ಹುಡುಕುತ್ತಿದ್ದರು. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, ‘ಅಪ್ಪಾ, ಬೋರ್ಡೆಲ್ಲ ಹಳೇ ಕಾಲದ್ದು, ಪೋರ್ಟಲ್‌ಗೆ ಹಾಕು’ ಎಂದ. ಹಾಕಿದರು. ಫಾರಂನಲ್ಲಿ ಈಜುಕೊಳ ಇದೆಯಾ ಎಂದು ಕೇಳಿತ್ತು. ಕ್ಲಬ್ ಹೌಸ್ ಇದೆಯಾ, ಲಿಫ್ಟ್ ಎಷ್ಟು ಎಂದೂ ಕೇಳಿತ್ತು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದಕ್ಕೆ ಮಾತ್ರ ಜಾಗವೇ ಇರಲಿಲ್ಲ. ಬಳ್ಳಾರಿಯಲ್ಲಿ ಬಾಡಿಗೆದಾರ ಗೇಟು ತೆಗೆಯುವ ಮೊದಲೇ ಕೇಳುವುದು ಅದೊಂದೇ ಪ್ರಶ್ನೆ.

ಮೊದಲ ಫೋನು ಮರುದಿನವೇ ಬಂತು. ‘ಸರ್, ನಿಮ್ಮ ಮನೆಯಿಂದ ಏರ್‌ಪೋರ್ಟ್ ಎಷ್ಟು ದೂರ?’ ಮಾಸ್ತರು ಪ್ರಾಮಾಣಿಕರು. ‘ಯಾವ ಏರ್‌ಪೋರ್ಟ್?’ ಎಂದರು. ಎರಡನೆಯವರು ಹೆಬ್ಬಾಳದ ಫ್ಲೈಓವರ್ ದಾಟಿದ ಮೇಲೆ ಎಡಕ್ಕಾ ಬಲಕ್ಕಾ ಎಂದು ಕೇಳಿದರು. ಆಗ ಗೊತ್ತಾಯಿತು. ಬೆಂಗಳೂರಿನಲ್ಲಿ ಒಂದು ಬಳ್ಳಾರಿ ರೋಡ್ ಇದೆ, ಹೆಬ್ಬಾಳದ ಮೇಲೆ ಹಾದು ವಿಮಾನ ನಿಲ್ದಾಣದ ಕಡೆಗೆ ಹೋಗುತ್ತದೆ. ಮಾಸ್ತರ ಮನೆ ಆ ರಸ್ತೆಯ ಹುಡುಕಾಟದಲ್ಲಿ ಹೋಗಿ ಕೂತಿತ್ತು. ಎರಡು ಬೆಡ್‌ರೂಮಿಗೆ ಹನ್ನೆರಡು ಸಾವಿರ ಎಂದು ನೋಡಿದ ಬೆಂಗಳೂರಿನವರಿಗೆ ದೇವರೇ ಸಿಕ್ಕಂತಾಗಿತ್ತು.

ಊರಿನ ಹೆಸರಿನ ರಗಳೆ ಇನ್ನೊಂದು. 2014ರ ನವೆಂಬರ್ 1ರಂದು ಸರ್ಕಾರ ನಮ್ಮೂರಿನ ಇಂಗ್ಲಿಷ್ ಹೆಸರು ಬದಲಿಸಿತು. ಹೊರಗಿನಿಂದ ಬರುವ ಎಷ್ಟೋ ಜನ ಇವತ್ತಿಗೂ Bellary ಎಂದೇ ಟೈಪ್ ಮಾಡುತ್ತಾರೆ. ನಾವು ಅಭಿಮಾನದಿಂದ Ballari ಎಂದು ಹಾಕಿರುತ್ತೇವೆ. ಜಾಹೀರಾತಿನ ವಿವರದಲ್ಲಿ ಎರಡೂ ಬರೆದರೆ ಒಂದು ರೂಪಾಯಿ ಖರ್ಚಿಲ್ಲ. ಯಾವ ಪ್ಲಾಟಿನಂನವನೂ ಅದನ್ನು ಹೇಳಿಕೊಡಲಿಲ್ಲ, ಅದಕ್ಕೆ ಬಿಲ್ ಹಾಕಲು ಬರುವುದಿಲ್ಲವಲ್ಲ.

ವಾರ ಕಳೆಯುವಷ್ಟರಲ್ಲಿ ಪೋರ್ಟಲ್‌ನ ಹುಡುಗನ ಫೋನು. ‘ಸರ್, ನಿಮ್ಮ ಪ್ರಾಪರ್ಟಿಗೆ ವಿಸಿಬಿಲಿಟಿ ಕಡಿಮೆ ಇದೆ. ಮೂರು ಸಾವಿರದ ಪ್ಲಾನ್ ತಗೊಳ್ಳಿ, ಮೇಲೆ ಬರುತ್ತೀರಿ.’ ಮೇಲೆ ಬರುವುದು ಎಂದರೆ ಹುಡುಕಿದಾಗ ಮೊದಲು ಕಾಣುವುದು. ಬಳ್ಳಾರಿಯಲ್ಲಿ ಆ ಪೋರ್ಟಲ್‌ನಲ್ಲಿ ಇಂಥ ಮನೆಗಳು ಎಷ್ಟಿವೆ ಎಂದು ಮಾಸ್ತರು ತಾವೇ ಬಾಡಿಗೆದಾರನಂತೆ ಹುಡುಕಿದರು. ಸಿಕ್ಕಿದ್ದು ಬೆರಳಲ್ಲಿ ಎಣಿಸುವಷ್ಟು. ಅದರಲ್ಲೂ ಅರ್ಧ, ಹಾಕಿ ವರ್ಷ ದಾಟಿದವು. ಒಂದಕ್ಕೆ ಫೋನು ಮಾಡಿದರೆ, ‘ಅಯ್ಯೋ, ಅದು ಯಾವಾಗ್ಲೋ ಹೋಯ್ತ್ರೀ, ತೆಗೆಯೋದು ಹೆಂಗಂತ ಗೊತ್ತಾಗ್ಲಿಲ್ಲ’ ಎಂದರು. ಖಾಲಿ ಬಸ್ಸಿನಲ್ಲಿ ಕಿಟಕಿ ಸೀಟಿಗೆ ರಿಸರ್ವೇಶನ್ ಮಾಡಿಸಿದ ಹಾಗೆ ಈ ಪ್ಲಾನು. ಬೆಂಗಳೂರಿನಲ್ಲಿ ಒಂದೇ ಬಡಾವಣೆಗೆ ನೂರಾರು ಮನೆ ಇರುವಾಗ ದುಡ್ಡು ಕೊಟ್ಟು ಮೇಲೆ ಬರುವುದಕ್ಕೆ ಅರ್ಥ ಇರಬಹುದು. ಇಲ್ಲಿ ಮೇಲಿರುವುದೂ ಕೆಳಗಿರುವುದೂ ಒಂದೇ ಪರದೆಯಲ್ಲಿ ಕಾಣುತ್ತದೆ.

ಲೆಕ್ಕದ ಮಾಸ್ತರು ಲೆಕ್ಕ ಬಿಡುವವರಲ್ಲ. 12,000 ಬಾಡಿಗೆ ಎಂದರೆ ಖಾಲಿ ಬಿದ್ದ ಪ್ರತಿ ದಿನಕ್ಕೆ 400 ರೂಪಾಯಿ ನಷ್ಟ. ಮೂರು ಸಾವಿರದ ಪ್ಲಾನಿಗೆ ಶೇ. 18 ಜಿಎಸ್‌ಟಿ ಸೇರಿ 3,540. ಅಂದರೆ ಸುಮಾರು ಒಂಬತ್ತು ದಿನದ ಬಾಡಿಗೆ. ಪ್ಲಾನು ಕೊಂಡದ್ದರಿಂದ ಬಾಡಿಗೆದಾರ ಒಂಬತ್ತು ದಿನವಾದರೂ ಬೇಗ ಸಿಕ್ಕರೆ ಲಾಭ, ಇಲ್ಲದಿದ್ದರೆ ದಾನ. ಇದನ್ನು ಆ ಹುಡುಗನಿಗೆ ಹೇಳಿದರೆ, ‘ಸರ್, ಹೋದ ವಾರ ನಿಮ್ಮ ಮನೆಯನ್ನು 212 ಜನ ನೋಡಿದ್ದಾರೆ’ ಎಂದ. ಮಾಸ್ತರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಒಬ್ಬರೂ ಮೆಟ್ಟಿಲು ಹತ್ತಿದ್ದು ಅವರಿಗೆ ಕಂಡಿರಲಿಲ್ಲ.

ಆದರೂ ಮಗನ ಮಾತಿಗೆ ಕಟ್ಟುಬಿದ್ದು ಕೊಂಡರು. ಫೋನುಗಳ ಸುರಿಮಳೆಯೇ ಆಯಿತು. ಸಾಮಾನು ಸಾಗಿಸುವವರು, ಹೋಮ್ ಲೋನಿನವರು, ಇನ್ನೊಂದು ಪೋರ್ಟಲ್‌ನವರು. ಜೊತೆಗೆ ಬ್ರೋಕರ್‌ಗಳು. ಮನೆ ಬೇಕಾದವರು ಬಿಟ್ಟು ಉಳಿದವರೆಲ್ಲ ಮಾಡಿದರು. ಒಬ್ಬ ಮಾತ್ರ ಭಾರಿ ಆಸಕ್ತಿ ತೋರಿಸಿದ. ತಾನು ಮಿಲಿಟರಿಯಲ್ಲಿದ್ದೇನೆ, ಬಳ್ಳಾರಿಗೆ ವರ್ಗವಾಗಿದೆ, ಫೋಟೋ ನೋಡಿಯೇ ಮನೆ ಒಪ್ಪಿದೆ, ಅಡ್ವಾನ್ಸ್ ಈಗಲೇ ಹಾಕುತ್ತೇನೆ ಎಂದ. ಸಮವಸ್ತ್ರದ ಫೋಟೋ ಇರುವ ಐಡಿ ಕಾರ್ಡನ್ನೂ ಕಳಿಸಿದ. ಹಿಂದೆಯೇ ಒಂದು ಕ್ಯೂಆರ್ ಕೋಡ್ ಬಂತು. ‘ಸ್ಕ್ಯಾನ್ ಮಾಡಿ ಪಿನ್ ಹಾಕಿ ಸರ್, ದುಡ್ಡು ನಿಮಗೆ ಬರುತ್ತೆ.’ ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಮಾಸ್ತರಿಗೆ ಯುಪಿಐ ಅಷ್ಟಾಗಿ ತಿಳಿಯದು. ಅವರಿಗೆ ಅನುಮಾನ ಬಂದದ್ದು ಬೇರೆ ಕಾರಣಕ್ಕೆ: ‘ಬಳ್ಳಾರಿಗೆ ಬರೋ ಮನುಷ್ಯ ನೀರಿನ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ. ಮೇಲಿನ ಮನೆ, ಏಪ್ರಿಲ್‌ನಲ್ಲಿ ಕಾವು ಹೆಂಗೆ ಅಂತಾನೂ ಕೇಳ್ಲಿಲ್ಲ. ಇವನು ಬರೋನಲ್ಲ ಬಿಡು.’ ಇಷ್ಟು ಒಳ್ಳೆಯ ಪರೀಕ್ಷೆ ಯಾವ ಸೈಬರ್ ಕ್ರೈಂ ಪ್ರಕಟಣೆಯಲ್ಲೂ ನಾನು ಓದಿಲ್ಲ.

ಇನ್ನು ಬ್ರೋಕರ್. ನಮ್ಮ ಕಡೆ ಕಮಿಷನ್ ಅರ್ಧ ತಿಂಗಳಿಂದ ಒಂದು ತಿಂಗಳ ಬಾಡಿಗೆ, ಮುಖ ನೋಡಿ. ಮಾಸ್ತರಿಗೆ ಅರ್ಧ ತಿಂಗಳು ಹೇಳಿದರು, 6,000. ಹದಿನೈದು ದಿನದ ಬಾಡಿಗೆ. ಪೋರ್ಟಲ್‌ಗಿಂತ ದುಬಾರಿ ಎನಿಸುತ್ತದೆ. ಆದರೆ ಬ್ರೋಕರ್‌ಗೆ ದುಡ್ಡು ಕೊಡುವುದು ಅಗ್ರಿಮೆಂಟ್ ಆದ ಮೇಲೆ. ಪೋರ್ಟಲ್‌ಗೆ ಕೊಡುವುದು ಆಸೆ ಆದಾಗ. ವ್ಯತ್ಯಾಸ ಅಲ್ಲಿದೆ. ಒಂದು ಷರತ್ತು ಮಾತ್ರ ಮೊದಲೇ ಬಾಯಿಬಿಟ್ಟು ಹೇಳಬೇಕು. ಬಾಡಿಗೆದಾರ ಆರು ತಿಂಗಳೊಳಗೆ ಬಿಟ್ಟುಹೋದರೆ ಅರ್ಧ ಕಮಿಷನ್ ವಾಪಸ್, ಇಲ್ಲವೇ ಇನ್ನೊಬ್ಬರನ್ನು ಪುಕ್ಕಟೆ ತರಬೇಕು. ಇದಕ್ಕೆ ನಕ್ಕವನು ಒಳ್ಳೆಯ ಬ್ರೋಕರ್. ತಕ್ಷಣ ಒಪ್ಪಿದವನ ಫೋನು ಆರು ತಿಂಗಳಲ್ಲಿ ಸ್ವಿಚ್ ಆಫ್ ಆಗಿರುತ್ತದೆ.

ಮಾಸ್ತರು ಪೋರ್ಟಲ್ ನೋಡಿ ಫೋನು ಮಾಡಿದ ಬ್ರೋಕರ್‌ಗಳಿಗೆಲ್ಲ ‘ಆಯ್ತಪ್ಪಾ’ ಎಂದುಬಿಟ್ಟರು. ಮುಂದಿನ ಭಾನುವಾರ ಒಂದು ಫೇಸ್‌ಬುಕ್ ಗ್ರೂಪಿನಲ್ಲಿ ಚಂದದ ಮನೆಯೊಂದು ಕಂಡಿತು. ಬಾಡಿಗೆ 14,000. ಬಾಲ್ಕನಿಯಲ್ಲಿ ತಮ್ಮದೇ ಲುಂಗಿ ಒಣಗುತ್ತಿತ್ತು. ಪೋರ್ಟಲ್‌ನ ಫೋಟೋ ಎತ್ತಿಕೊಂಡು ಯಾರೋ ತಮ್ಮ ನಂಬರ್ ಹಾಕಿದ್ದರು. ಮಾಸ್ತರು ಆ ನಂಬರಿಗೇ ಫೋನು ಮಾಡಿ ಮನೆ ಇದೆಯಾ ಎಂದರು. ‘ಅದು ಈಗಷ್ಟೇ ಹೋಯ್ತಣ್ಣಾ, ಅಂಥದ್ದೇ ಇನ್ನೊಂದು ತೋರಿಸ್ತೀನಿ ಬರ್ರಿ’ ಎಂಬ ಉತ್ತರ. ಸ್ವಂತ ಮನೆ ಕೈತಪ್ಪಿದ ದುಃಖದಲ್ಲಿ ಅವರು ಅವತ್ತು ಚಹಾ ಕುಡಿಯಲಿಲ್ಲ.

ಒಂದೇ ಮನೆ ಮೂರು ಕಡೆ ಮೂರು ಬಾಡಿಗೆಗೆ ಕಂಡರೆ ನೋಡಿದವರು ಮನೆಗೆ ಏನೋ ದೋಷ ಇದೆ ಎನ್ನುತ್ತಾರೆ. ಒಬ್ಬರಂತೂ ಬಂದು, ‘ಯಾರಾದ್ರೂ ಅಲ್ಲಿ ತೀರಿಕೊಂಡಿದ್ರಾ?’ ಎಂದು ಮೆಲ್ಲಗೆ ಕೇಳಿದರಂತೆ. ಬ್ರೋಕರ್ ಒಬ್ಬ ಸಾಕು, ಹೆಚ್ಚೆಂದರೆ ಇಬ್ಬರು, ಇಬ್ಬರ ಬಾಯಲ್ಲೂ ಒಂದೇ ಬಾಡಿಗೆ.

ವಾಟ್ಸಾಪ್ ಗ್ರೂಪ್‌ಗಳಿಗೆ ದುಡ್ಡಿಲ್ಲ, ಆಯುಸ್ಸು ಹೋಗುತ್ತದೆ. ‘ಬಳ್ಳಾರಿ ರೆಂಟ್ಸ್’ ಎಂಬಂಥ ಗ್ರೂಪ್ ಸೇರಿದರೆ ಸಾವಿರ ಜನ ಇರುತ್ತಾರೆ, ಎಲ್ಲರೂ ಮನೆ ಕೊಡುವವರೇ. ಮದುವೆ ಮನೆಯಲ್ಲಿ ಬರೀ ಗಂಡಿನ ಕಡೆಯವರೇ ಸೇರಿದ್ದಾರೆ, ಹೆಣ್ಣಿನ ಸುಳಿವಿಲ್ಲ. ಹೀಗಾಗಿ ಗ್ರೂಪಿನ ಹೆಸರು ನೋಡಬಾರದು, ಒಂದು ವಾರದ ಮೆಸೇಜುಗಳನ್ನು ಹಿಂದೆ ಸರಿಸಿ ನೋಡಬೇಕು. ‘ಮನೆ ಬೇಕಾಗಿದೆ’ ಎನ್ನುವ ಮೆಸೇಜು ಎಷ್ಟಿವೆ, ‘ಮನೆ ಇದೆ’ ಎನ್ನುವವು ಎಷ್ಟಿವೆ? ಬೇಕು ಎನ್ನುವವರು ಇಲ್ಲದ ಗ್ರೂಪಿನಲ್ಲಿ ದಿನಕ್ಕೆ ಮೂರು ಸಲ ಹಾಕಿದರೂ ಗುಡ್ ಮಾರ್ನಿಂಗ್ ಹೂವುಗಳ ನಡುವೆ ನಿಮ್ಮ ಮನೆ ಮುಚ್ಚಿಹೋಗುತ್ತದೆ. ಮಾಸ್ತರ ಮನೆಗೆ ಕೆಲಸಕ್ಕೆ ಬಂದದ್ದು ಇಂಥ ಸಂತೆಗಳಲ್ಲ. ಮೆಡಿಕಲ್ ಕಾಲೇಜಿನ ನರ್ಸ್‌ಗಳದ್ದೊಂದು, ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬರುವವರದ್ದೊಂದು. ಅಲ್ಲಿ ಯಾರಿಗಾದರೂ ವರ್ಗವಾದರೆ, ಮದುವೆಯಾದರೆ, ಮೊದಲು ಕೇಳುವುದೇ ಮನೆ. ಮೆಸೇಜಿನಲ್ಲಿ ಬಸ್ ಯಾವ ಸರ್ಕಲ್‌ನಲ್ಲಿ ನಿಲ್ಲುತ್ತದೆ ಎಂದು ಬರೆದದ್ದಕ್ಕೇ ಎರಡು ಕುಟುಂಬ ಬಂದು ನೋಡಿದವು.

ಯಾವ ಫೋನು ಎಲ್ಲಿಂದ ಬಂತು ಎಂದು ಗೊತ್ತಾಗಲು ಮಾಸ್ತರು ಒಂದು ಉಪಾಯ ಮಾಡಿದ್ದರು. ಪೋರ್ಟಲ್‌ನಲ್ಲಿ ಮಾಲೀಕರ ಹೆಸರು ಪಾಟೀಲ್, ಫೇಸ್‌ಬುಕ್‌ನಲ್ಲಿ ಸ್ವಾಮಿ, ನರ್ಸ್‌ಗಳ ಗ್ರೂಪಿನಲ್ಲಿ ಮಾಸ್ತರು, ಗೇಟಿನ ಬೋರ್ಡಿನಲ್ಲಿ ಬರೀ ನಂಬರು. ಫೋನು ಮಾಡಿದವರು ಯಾರನ್ನು ಕೇಳುತ್ತಾರೋ ಪುಸ್ತಕದಲ್ಲಿ ಆ ಹೆಸರಿನ ಕೆಳಗೆ ಒಂದು ಗೀಟು. ಮನೆ ನೋಡಲು ಬಂದರೆ ಗೀಟಿಗೆ ಸುತ್ತ ಒಂದು ಸೊನ್ನೆ. ತಿಂಗಳ ಕೊನೆಗೆ ಪಾಟೀಲರ ಕೆಳಗೆ ಗೀಟುಗಳ ಕಾಡು, ಸೊನ್ನೆ ಹುಡುಕಬೇಕು. ಮಾಸ್ತರ ಕೆಳಗೆ ಗೀಟು ಕಡಿಮೆ, ಸೊನ್ನೆ ಜಾಸ್ತಿ. ‘ಯಾರ್ರೀ ಈ ಪಾಟೀಲ್, ದಿನಾ ಫೋನು ಬರ್ತಾವು?’ ಎಂದು ಮನೆಯವರು ಕೇಳಿದ್ದು ಬೇರೆ ಕಥೆ.

ಆ ಪುಸ್ತಕ ಇನ್ನೊಂದನ್ನೂ ಹೇಳಿತು. ನೋಡಲು ಬಂದವರು ಕೆಲವರಿದ್ದರು, ಯಾರೂ ಒಪ್ಪಿರಲಿಲ್ಲ. ಯಾರೂ ಬರದಿದ್ದರೆ ತಪ್ಪು ಜಾಹೀರಾತಿನದು. ಬಂದು ನೋಡಿ ಹೋಗುತ್ತಿದ್ದರೆ ತಪ್ಪು ಮನೆಯದ್ದು, ಇಲ್ಲವೇ ಬಾಡಿಗೆಯದ್ದು. ಅದಕ್ಕೆ ಪ್ಲಾಟಿನಂ ಹಚ್ಚಿದರೆ ಇನ್ನೂ ಹೆಚ್ಚು ಜನ ಬಂದು ನೋಡಿ ಹೋಗುತ್ತಾರೆ, ಅಷ್ಟೆ. ಮಾಸ್ತರು 500 ಇಳಿಸಿದರು. ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಅದು 5,500. ಖಾಲಿ ದಿನಗಳ ಲೆಕ್ಕದಲ್ಲಿ ಹದಿನಾಲ್ಕು ದಿನವೂ ಪೂರ್ತಿ ಆಗುವುದಿಲ್ಲ. ಮನೆ ಖಾಲಿ ಬಿದ್ದು ಆಗಲೇ ಅದಕ್ಕಿಂತ ಜಾಸ್ತಿಯಾಗಿತ್ತು.

ಕೊನೆಗೆ ಬಂದವರು ಕೇರಳದಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಊರಲ್ಲಿ ಪರಿಚಯ ಯಾರೂ ಇಲ್ಲ. ಹೀಗಾಗಿ ಪೋರ್ಟಲ್‌ನಲ್ಲೇ ಹುಡುಕಿದ್ದರು, Bellary ಎಂದು ಟೈಪ್ ಮಾಡಿ. ‘ಪಾಟೀಲ್ ಸರ್ ಇದ್ದಾರಾ?’ ಎಂದು ಕೇಳಿ, ಎರಡನೇ ಮಾತಿಗೇ ನೀರಿನ ವಿಷಯ ಎತ್ತಿದರು. ಪೋರ್ಟಲ್ ಪೂರ್ತಿ ದಂಡ ಅಲ್ಲ, ಪರಊರಿನವರಿಗೆ ಅದೇ ಗತಿ. ತಮಾಷೆ ಏನೆಂದರೆ ಮಾಸ್ತರ ಪ್ಲಾನು ಮುಗಿದು ಆಗಲೇ ವಾರವಾಗಿತ್ತು. ಮನೆ ಪುಕ್ಕಟೆ ಸಾಲಿನಲ್ಲೇ ಇತ್ತು.

ಅಗ್ರಿಮೆಂಟ್ ಆದ ಮಾರನೇ ದಿನ ಪೋರ್ಟಲ್‌ನ ಹುಡುಗ ರಿನ್ಯೂವಲ್‌ಗೆ ಫೋನು ಮಾಡಿದ.

‘ಮನೆ ಹೋಯ್ತಪ್ಪಾ.’

‘ಕಂಗ್ರಾಟ್ಸ್ ಸರ್. ನಿಮ್ಮದು ಕೆಳಗಡೆ ಇನ್ನೊಂದು ಮನೆ ಇದೆ ಅಲ್ವಾ?’

‘ಅದರಲ್ಲಿ ನಾನೇ ಇದ್ದೀನಿ.’

‘ಓಕೆ ಸರ್. ನೀವು ಯಾವಾಗ ಖಾಲಿ ಮಾಡ್ತೀರಿ?’