ಮೂರೇ ನಿಮಿಷ ಸರ್!

ಶನಿವಾರದ ಸಿಟ್ಟು ಇನ್ನೂ ಇಳಿದಿಲ್ಲ. ಶಿಕ್ಷಕರ ತರಬೇತಿಯಲ್ಲಿ ಭಿನ್ನರಾಶಿ ಬಗ್ಗೆ ಒಂದು ಅವಧಿ ನಡೆಸಿಕೊಡಿ ಅಂತ ಕರೆದಿದ್ದರು. 40 ಜನ, 90 ನಿಮಿಷ. ಹಿಂದಿನ ರಾತ್ರಿ ಕೂತು ಯೋಜನೆ ಬರೆದೆ. ಪೀಠಿಕೆ ಮತ್ತು ಗುಂಪು ಮಾಡುವುದಕ್ಕೆ 10 ನಿಮಿಷ, ಚರ್ಚೆಗೆ 25, ಚಾರ್ಟ್ ಬರೆಯಲು 15, ಐದು ತಂಡಗಳ ಮಂಡನೆಗೆ ತಲಾ 3ರಂತೆ 15, ಉಳಿದ 25 ನನ್ನ ಮಾತಿಗೆ. ಕೂಡಿದರೆ ಸರಿಯಾಗಿ 90. ಎಷ್ಟು ಚೆಂದ ಅಲ್ವಾ!

ಹನ್ನೊಂದೂವರೆಗೆ ಶುರುವಾಗಬೇಕಿತ್ತು. ಚಹಾ ಬಂದಿದ್ದೇ ಆಗ. ಹನ್ನೆರಡು ನಿಮಿಷ ಅಲ್ಲೇ ಕರಗಿತು. ಆಮೇಲೆ ಒಂದು, ಎರಡು, ಮೂರು ಅಂತ ಐದರವರೆಗೆ ಎಣಿಸುತ್ತಾ ಹೋಗಿ ಎಂದೆ. ಒಂದೇ ಬೆಂಚಿನ ಸ್ನೇಹಿತರು ಬೇರೆ ಬೇರೆ ಗುಂಪಿಗೆ ಹೋಗಲಿ ಅಂತ ಮಾಡುವ ಉಪಾಯ ಇದು. ಆದರೆ ಮೂರನೇ ನಂಬರಿನ ಮೇಷ್ಟ್ರು ಸದ್ದಿಲ್ಲದೆ ನಾಲ್ಕನೇ ಗುಂಪಿಗೆ ಹೋಗಿ ಕೂತರು. ಅಲ್ಲಿ ಅವರ ಊರಿನವರು ಇದ್ದರು. ಬ್ಯಾಗು, ನೀರಿನ ಬಾಟಲಿ, ಕುರ್ಚಿ ಎಲ್ಲಾ ಸ್ಥಳಾಂತರವಾಗಿ ಕಾವೇರಿ, ತುಂಗಾ, ಭದ್ರಾ, ಶರಾವತಿ, ಕೃಷ್ಣಾ ಎಂದು ಹೆಸರಿಡುವ ಹೊತ್ತಿಗೆ ಗಂಟೆ ಹನ್ನೆರಡು.

ಪ್ರಶ್ನೆ ಒಂದೇ. 1/2 + 1/3 ಕೊಟ್ಟರೆ ಎಷ್ಟೋ ಮಕ್ಕಳು 2/5 ಎಂದು ಬರೆಯುತ್ತಾರೆ, ಯಾಕೆ? ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾಗುತ್ತದೆ ಅಂತ ಆ ಮಗುವಿಗೆ ಯಾಕೆ ಅನ್ನಿಸಲಿಲ್ಲ? ಇದನ್ನು ಬೋರ್ಡಿನ ಮೇಲೂ ಬರೆದಿದ್ದೆ. ಬಾಯಲ್ಲಿ ಹೇಳಿ ಬಿಟ್ಟರೆ ಹತ್ತು ನಿಮಿಷಕ್ಕೆ ಪ್ರತಿ ಗುಂಪೂ ತನ್ನದೇ ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತದೆ. ಚರ್ಚೆ ಮುಗಿಯಿತೋ ಇಲ್ಲವೋ ಅಂತ ಕೇಳಲೇಬೇಕಿಲ್ಲ, ಸುಮ್ನೆ ಹತ್ತಿರ ಹೋಗಿ ನಿಂತರೆ ಸಾಕು. ಮಾತು ವರ್ಗಾವಣೆಗೆ ಬಂದಿದ್ದರೆ ಭಿನ್ನರಾಶಿ ಮುಗಿದಿದೆ ಅಂತ ಅರ್ಥ.

ಹನ್ನೆರಡು ನಲವತ್ತಕ್ಕೆ ಮಂಡನೆ. ಕಾವೇರಿ ತಂಡದ ಹಿರಿಯ ಮೇಷ್ಟ್ರು ಎದ್ದರು. "ಮೂರೇ ನಿಮಿಷ ಸರ್" ಎಂದೆ. "ಎರಡು ಸಾಕು ಬಿಡಿ ಸರ್" ಎಂದರು. ಅಲ್ಲೇ ನನಗೆ ಭಯ ಆಗಬೇಕಿತ್ತು.

ಮೊದಲು ಟೇಪ್ ಸಿಗಲಿಲ್ಲ. ಸಿಕ್ಕ ಮೇಲೆ ಅದರ ತುದಿ ಸಿಗಲಿಲ್ಲ. ಚಾರ್ಟ್ ಅಂಟಿಸಿ, ಕನ್ನಡಕ ಒರೆಸಿ, ವೇದಿಕೆಯೇ ಇಲ್ಲದ ಆ ಕೋಣೆಯಲ್ಲಿ ವೇದಿಕೆ ಮೇಲಿನ ಗಣ್ಯರಿಗೆಲ್ಲ ನಮಸ್ಕಾರ ಹೇಳಿದರು. ತಂಡದ ಎಂಟೂ ಜನರನ್ನು ಹೆಸರು ಹಿಡಿದು ಎಬ್ಬಿಸಿ ಪರಿಚಯಿಸಿದರು. ಒಬ್ಬೊಬ್ಬರಿಗೂ ಚಪ್ಪಾಳೆ. ಆಮೇಲೆ ನಮಗೆ ಬೆನ್ನು ಹಾಕಿ, ನಮಗೂ ಕಾಣುತ್ತಿದ್ದ ಚಾರ್ಟನ್ನು ಅಕ್ಷರ ಬಿಡದೆ ಓದಿದರು. ಸಮಯ ನೋಡಿಕೊಳ್ಳುತ್ತಿದ್ದ ಮೇಡಂ '1 ನಿಮಿಷ' ಎಂಬ ಚೀಟಿ ತೋರಿಸಿದರು. ಇವರು ಹತ್ತಿರ ಬಂದು ಚೀಟಿ ಇಸ್ಕೊಂಡು, ಓದಿ, "ಧನ್ಯವಾದ ಮೇಡಂ" ಎಂದು ಜೇಬಿಗೆ ಹಾಕಿಕೊಂಡು ಮುಂದುವರಿಸಿದರು! ಇದ್ದಿದ್ದೇ ಒಂದು ಚೀಟಿ. "ಇನ್ನೊಂದೇ ಮಾತು ಹೇಳಿ ಮುಗಿಸ್ತೀನಿ" ಅಂತ ಮೂರು ಸಲ ಹೇಳಿ, ಹನ್ನೊಂದನೇ ನಿಮಿಷಕ್ಕೆ ಮುಗಿಸಿದರು. ಅದರ ಮೇಲೆ, ಮಳೆಯ ಸದ್ದಿನ ಹಾಗೆ ತಟ್ಟುವ 'ಮಳೆ ಚಪ್ಪಾಳೆ'. ಅದು ತುಂತುರಿನಿಂದ ಶುರುವಾಗಿ ಗುಡುಗಿನವರೆಗೂ ಹೋಗಿ ನಿಲ್ಲಬೇಕು, ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ.

ತಪ್ಪು ಅವರೊಬ್ಬರದೇ ಅಲ್ಲ, ನನ್ನ ಲೆಕ್ಕದ್ದೂ ಹೌದು. ಎದ್ದು ಬರುವುದು, ಅಂಟಿಸುವುದು, ಚಪ್ಪಾಳೆ ಸೇರಿದರೆ ಮೂರು ನಿಮಿಷ ಐದಾಗುತ್ತದೆ. ಅಂದರೆ 15 ಅಲ್ಲ, 25 ಇಟ್ಟುಕೊಳ್ಳಬೇಕಿತ್ತು. ಕೂತಲ್ಲಿಂದಲೇ ಹೇಳಿಸಬೇಕಿತ್ತು, ಹಿಂದಿನವರು ಹೇಳದೆ ಬಿಟ್ಟಿದ್ದನ್ನು ಮಾತ್ರ. ಹಾಗೆ ಹೇಳದಿದ್ದಕ್ಕೆ ತುಂಗಾ ತಂಡದವರು "ಕಾವೇರಿಯವರು ಹೇಳಿದ್ದೇ ನಮ್ಮದೂ" ಎಂದು ಶುರು ಮಾಡಿ, ಅದೇ ಅಂಶಗಳನ್ನೆಲ್ಲ ಮತ್ತೆ ಓದಿದರು. ಭದ್ರಾ ಮುಗಿಯುವಷ್ಟರಲ್ಲಿ ಸಾಂಬಾರಿನ ವಾಸನೆ ಒಳಗೆ ಬಂದಿತ್ತು. ಶರಾವತಿಯವರು ಬಾಗಿಲಲ್ಲಿ ನಿಂತೇ ಓದಿದರು. ಕೃಷ್ಣಾ ತಂಡದ ಸರದಿಗೆ ಯಾರೋ "ಊಟ ಆದ್ಮೇಲೆ ನೋಡೋಣ ಸರ್" ಎಂದರು. ಊಟ ಆದ ಮೇಲೆ ಬೇರೆಯವರ ಅವಧಿ. ನನ್ನ 25 ನಿಮಿಷ ಏನಾಯಿತು ಅಂತ ಕೇಳಬೇಡಿ.

ಸಂಜೆ ಚಾರ್ಟ್‌ಗಳನ್ನು ಸುತ್ತುವಾಗ ಕೃಷ್ಣಾ ತಂಡದ್ದು ಕೈಗೆ ಬಂತು. ಬರೆದವರು ಇಡೀ ದಿನ ಒಂದು ಮಾತೂ ಆಡದೆ ಹಿಂದೆ ಕೂತಿದ್ದ ಮೇಡಂ. ಅದರಲ್ಲಿ ನಾಲ್ಕೇ ಸಾಲು. ಅವರ ತರಗತಿಯ ಹುಡುಗನೊಬ್ಬ ಹೇಳಿದ್ದಂತೆ: "ನಿನ್ನೆ ಎರಡು ಗೋಲಿಗೆ ಗುರಿ ಇಟ್ಟೆ, ಒಂದು ಬಿತ್ತು. ಇವತ್ತು ಮೂರಕ್ಕೆ ಇಟ್ಟೆ, ಒಂದು ಬಿತ್ತು. ಒಟ್ಟು ಐದಕ್ಕೆ ಎರಡು ತಾನೇ ಟೀಚರ್?" ಕೆಳಗೆ ಮೇಡಂ ಬರೆದಿದ್ದರು: "ಗೋಲಿ ಲೆಕ್ಕದಲ್ಲಿ ಅವನು ಸರಿ. ಅರ್ಧ, ಮೂರನೇ ಒಂದು ಎರಡನ್ನೂ ಒಂದೇ ರೊಟ್ಟಿಯಲ್ಲಿ ಕತ್ತರಿಸಬೇಕು ಅಂತ ನಾನೇ ಅವನಿಗೆ ಹೇಳಿರಲಿಲ್ಲ."

90 ನಿಮಿಷ ನಾನು ಹುಡುಕುತ್ತಿದ್ದ ಉತ್ತರ ಇದೇ. ಓದಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಓಡಿ ಹೊರಗೆ ಬಂದರೆ ಅವರ ಬಸ್ಸು ಹೊರಟುಹೋಗಿತ್ತು. ಗೇಟಿನ ಹತ್ತಿರ ಕಾವೇರಿ ಮೇಷ್ಟ್ರು ಸಿಕ್ಕಿ, ಜೇಬಿನಿಂದ ಚೀಟಿ ತೆಗೆದು, "ಇದು ನಿಮ್ಮದಾ ಸರ್?" ಎಂದರು.