ಮುಂಬೈ ಮಳೆಗಾಲಕ್ಕೆ ಮೂರು ಕಡ್ಡಿ ಸಾಕು

ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರ ಮನೆಗೆ ಹೋದರೆ ಈಗ ದೇವರ ಮುಂದೆ ಊದಿನಕಡ್ಡಿ, ಟಿವಿ ಪಕ್ಕದಲ್ಲಿ ಸುಗಂಧ ಹರಡುವ ಡಿಫ್ಯೂಸರ್. ಒನ್ ಬಿಎಚ್‌ಕೆಯಲ್ಲಿ ಊರಿನ ಮನೆಯ ಹಾಗೆ ಹೊಗೆ ಆಡುವುದಕ್ಕೆ ಜಾಗ ಇಲ್ಲ ಅಲ್ವಾ, ಅದಕ್ಕೆ. ಯಾವುದು ತಗೊಳ್ಳಲಿ ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಮಂಜು ಬಿಡುವ ಅಲ್ಟ್ರಾಸಾನಿಕ್ ಬೇಡ, ಸುಗಂಧದ ಬಾಟಲಿಯಲ್ಲಿ ಕಡ್ಡಿ ನಿಲ್ಲಿಸುವ ರೀಡ್ ಡಿಫ್ಯೂಸರ್ ಇಡಿ.

ಅಲ್ಟ್ರಾಸಾನಿಕ್‌ನ ತಳದಲ್ಲಿ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಅದುರಿ, ನೀರನ್ನು ಎಣ್ಣೆಯ ಸಮೇತ ಮಂಜಿನ ಹಾಗೆ ಮೇಲೆ ಎಸೆಯುತ್ತದೆ. 100 ಮಿ.ಲೀ. ನೀರಿಗೆ ನಾಲ್ಕೈದು ಹನಿ ಎಣ್ಣೆ ಅಷ್ಟೇ, ಉಳಿದದ್ದೆಲ್ಲ ನೀರು. ತೊಂದರೆ ಇರುವುದು ಆ ನೀರಿನಲ್ಲೇ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಮಲಗುವ ಕೋಣೆ ಅಂದುಕೊಳ್ಳಿ. ಅಂದರೆ ಸುಮಾರು 25 ಘನ ಮೀಟರ್ ಗಾಳಿ. 28 ಡಿಗ್ರಿ ಸೆಕೆಯಲ್ಲಿ ಇಷ್ಟು ಗಾಳಿ ಹೆಚ್ಚೆಂದರೆ 680 ಗ್ರಾಂ ನೀರಿನ ಆವಿ ಹಿಡಿಯುತ್ತದೆ. ಮಳೆಗಾಲದಲ್ಲಿ ಇಲ್ಲಿನ ಹ್ಯೂಮಿಡಿಟಿ ಶೇ. 85ರ ಹತ್ತಿರ ಇರುವ ದಿನಗಳು ಎಷ್ಟೋ. ಅಂಥ ದಿನ ಗಾಳಿಯಲ್ಲಿ ಆಗಲೇ 580 ಗ್ರಾಂ ಇದೆ, ಉಳಿದ ಜಾಗ ಬರೀ 100 ಗ್ರಾಂ. ಕಿಟಕಿ ಮುಚ್ಚಿ 200 ಮಿ.ಲೀ. ಟ್ಯಾಂಕ್ ಪೂರ್ತಿ ಓಡಿಸಿದರೆ ಮಿಕ್ಕ ನೀರು ಎಲ್ಲಿಗೆ ಹೋಗಬೇಕು? ಸ್ವಲ್ಪ ಬಾಗಿಲ ಸಂದಿಯಿಂದ ಹೊರಗೆ ಹೋಗುತ್ತದೆ. ಉಳಿದದ್ದನ್ನು ಗೋಡೆ, ಹಾಸಿಗೆ, ಪರದೆ ಕುಡಿಯುತ್ತವೆ.

ಇದು ಗೊತ್ತಾಗುವುದೂ ಕಷ್ಟವಲ್ಲ. ಡಿಫ್ಯೂಸರ್ ಇಟ್ಟ ಟೀಪಾಯಿ ತೇವವಾಗಿರುತ್ತದೆ. ಕಪಾಟಿನ ಹಿಂದಿನ ಗೋಡೆಗೆ ಕಪ್ಪು ಚುಕ್ಕೆ ಬರುತ್ತದೆ, ಚರ್ಮದ ಬೆಲ್ಟಿನ ಮೇಲೆ ಬೂಷ್ಟು ಕೂರುತ್ತದೆ. ಆಮೇಲೆ ಲ್ಯಾವೆಂಡರ್ ಹಿಂದೆಯೇ ಮುಗ್ಗಲು ವಾಸನೆ. ಅದನ್ನು ಮುಚ್ಚಲು ಜನ ಇನ್ನೂ ಎರಡು ಹನಿ ಹಾಕುತ್ತಾರೆ! ಹ್ಯೂಮಿಡಿಟಿ ತೋರಿಸುವ ಸಣ್ಣ ಮೀಟರ್ ಒಂದಿದ್ದರೆ ಒಳ್ಳೆಯದು. ಅದು 60 ದಾಟಿದ್ದರೆ ನೀರಿನ ಯಂತ್ರ ಆನ್ ಮಾಡಬೇಡಿ.

ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ, ಎಸಿ ಓಡುವ ಕೋಣೆಯಲ್ಲಿ ಇದೇ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಆಗಲೂ ಅರ್ಧ ಗಂಟೆ ಸಾಕು. ನಿಂತ ನೀರನ್ನು ಮರುದಿನಕ್ಕೆ ಬಿಡದೆ ಚೆಲ್ಲಿ ಒರೆಸಬೇಕು, ವಾರಕ್ಕೊಮ್ಮೆ ವಿನೆಗರ್ ಹಾಕಿ ತೊಳೆಯಬೇಕು. ಇಲ್ಲದಿದ್ದರೆ ಪಾಚಿಯ ಹಾಗೆ ಲೋಳೆ ಕಟ್ಟುತ್ತದೆ, ಅದೂ ಮಂಜಿನ ಜೊತೆ ಗಾಳಿಗೆ ಸೇರುತ್ತದೆ.

ರೀಡ್‌ನಲ್ಲಿ ನೀರಿನ ಮಂಜು ಇಲ್ಲ, ಕರೆಂಟು ಬೇಡ. ಬೆತ್ತದ ಕಡ್ಡಿಯೊಳಗಿನ ಸಣ್ಣ ಕೊಳವೆಗಳು ಸುಗಂಧವನ್ನು ಮೇಲಕ್ಕೆಳೆದು ಗಾಳಿಗೆ ಬಿಡುತ್ತವೆ. ಬಿದಿರಿನ ಕಡ್ಡಿಗೆ ಮಧ್ಯೆ ಗೆಣ್ಣು ಇರುವುದರಿಂದ ಅಷ್ಟು ಚೆನ್ನಾಗಿ ಎಳೆಯುವುದಿಲ್ಲ, ಕೊಳ್ಳುವಾಗ ನೋಡಿ. 100 ಮಿ.ಲೀ. ಬಾಟಲಿಯ ಜೊತೆ ಆರೋ ಎಂಟೋ ಕಡ್ಡಿ ಕೊಡುತ್ತಾರೆ. ಎಲ್ಲ ಒಟ್ಟಿಗೆ ಹಾಕಿದರೆ ನಮ್ಮಂಥ ಪುಟ್ಟ ಮನೆಯಲ್ಲಿ ತಲೆನೋವು ಖಂಡಿತ. ಮೂರರಿಂದ ಶುರು ಮಾಡಿ. ನೇರ ಫ್ಯಾನ್ ಕೆಳಗೆ ಬೇಡ, ಬೇಗ ಆರಿ ಖಾಲಿಯಾಗುತ್ತದೆ. ಜನ ಓಡಾಡುವ ಬಾಗಿಲ ಬಳಿ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ, ಕೆಳಗೊಂದು ತಟ್ಟೆ ಹಾಕಿ ಇಡಿ. ಆ ದ್ರವ ಚೆಲ್ಲಿದರೆ ಮರದ ಪಾಲಿಶ್ ಕಿತ್ತುಬರುತ್ತದೆ.

ವಾರಕ್ಕೊಮ್ಮೆ ಕಡ್ಡಿ ತಿರುವಿ. ಬಾಟಲಿಗೆ ಒಂದು ಟೇಪ್ ಅಂಟಿಸಿ, ದ್ರವ ಎಲ್ಲಿದೆ ಎಂದು ತಾರೀಖಿನ ಸಮೇತ ಗೆರೆ ಎಳೆಯಿರಿ. ಹದಿನೈದು ದಿನವಾದರೂ ಗೆರೆಯಿಂದ ಇಳಿಯದಿದ್ದರೆ ಕಡ್ಡಿಯ ಬಾಯಿಗೆ ಧೂಳು ಕಟ್ಟಿದೆ ಎಂದರ್ಥ, ಕಡ್ಡಿ ಬದಲಿಸಿ. ದ್ರವ ಇಳಿಯುತ್ತಿದ್ದೂ ನಿಮಗೆ ವಾಸನೆ ಬರದಿದ್ದರೆ ಮೂಗು ಒಗ್ಗಿಕೊಂಡಿದೆ ಅಷ್ಟೇ. ಸ್ಟೇಷನ್‌ವರೆಗೆ ಹೋಗಿ ಬಂದು ಬಾಗಿಲು ತೆರೆದಾಗ ಮೂಸಿ ನೋಡಿ, ಸುಮ್ನೆ ಕಡ್ಡಿ ಜಾಸ್ತಿ ಮಾಡಬೇಡಿ.

ರೂಮ್ ಸ್ಪ್ರೇ ನನ್ನ ಪ್ರಕಾರ ಬಾತ್‌ರೂಮಿಗೆ, ನೆಂಟರು ಬೆಲ್ ಒತ್ತುವ ಮುಂಚಿನ ಐದು ನಿಮಿಷಕ್ಕೆ. ಮೀನು ಹುರಿದ ವಾಸನೆಗೆ ಅದು ಮದ್ದಲ್ಲ. ಮೊದಲು ಎಕ್ಸಾಸ್ಟ್ ಹಾಕಿ, ಎದುರಿನ ಕಿಟಕಿ ತೆರೆಯಿರಿ. ಡಬ್ಬಿಯ ಸ್ಪ್ರೇಯಲ್ಲಿ ಸಾಮಾನ್ಯವಾಗಿ ಬೆಂಕಿ ಹತ್ತುವ ಗ್ಯಾಸ್ ಇರುತ್ತದೆ. ಒಲೆ ಉರಿಯುವಾಗ, ದೇವರ ದೀಪದ ಹತ್ತಿರ ಒತ್ತಲೇಬೇಡಿ. ಮನೆಯಲ್ಲಿ ಆಸ್ತಮಾ ಇದ್ದವರಿದ್ದರೆ ಸ್ಪ್ರೇ, ಕಡ್ಡಿ, ಮಂಜು ಮೂರೂ ಬೇಡ ಎನ್ನುತ್ತೇನೆ.